ಆಂಟಿಬಯೋಟಿಕ್ ಆದ ಮೇಲಿನ ಭೇದಿ: ಯಾವಾಗ ಮನೆಗೆ ಕಳಿಸುತ್ತೇನೆ, ಯಾವಾಗ ಶಿವಮೊಗ್ಗಕ್ಕೆ

ಮಳೆಗಾಲದಲ್ಲಿ ನಮ್ಮ ತೀರ್ಥಹಳ್ಳಿ ಕಡೆ ಯಾರಿಗಾದರೂ ಭೇದಿ ಶುರುವಾದರೆ ಮೊದಲು ಬೈಸಿಕೊಳ್ಳುವುದು ನೀರು. ಬಾವಿಗೆ ಕೆಂಪು ನೀರು ಇಳಿದಿದೆ, ತೋಟದಲ್ಲಿ ಅಬ್ಬಿ ನೀರು ಕಾಸದೆ ಕುಡಿದೆವು ಅಂತ ಜನ ಕಾರಣವನ್ನೂ ತಾವೇ ಹೊತ್ತು ತರುತ್ತಾರೆ. ಎಷ್ಟೋ ಸಲ ಅದು ನಿಜವೂ ಹೌದು. ಆದರೂ ನಾನು ಎಲ್ಲರಿಗೂ ಒಂದು ಪ್ರಶ್ನೆ ಕೇಳಿಯೇ ಮುಂದೆ ಹೋಗುತ್ತೇನೆ: ಹಿಂದಿನ ಮೂರು ತಿಂಗಳಲ್ಲಿ ಆಂಟಿಬಯೋಟಿಕ್ ಏನಾದರೂ ತಗೊಂಡಿದ್ದೀರಾ?

"ಈಗ ಯಾವ ಮಾತ್ರೆ ತಗೊಳ್ತಿದ್ದೀರಿ" ಅಂತ ಕೇಳಿದರೆ ಸಾಲದು. ಕೋರ್ಸ್ ಮುಗಿದು ವಾರಗಳಾದ ಮೇಲೂ ಭೇದಿ ಶುರುವಾಗಬಹುದು. ಮುಗಿದುಹೋದ ಮಾತ್ರೆಯನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಹಲ್ಲಿನ ಡಾಕ್ಟರು ಕೊಟ್ಟಿದ್ದು, ಕಣ್ಣಿನ ಆಪರೇಷನ್ ಆದಾಗ ಕೊಟ್ಟಿದ್ದು ಇವೆಲ್ಲ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೆ ಮಾತ್ರೆಯ ಖಾಲಿ ಪಟ್ಟಿ, ಹಳೇ ಚೀಟಿ ಎಲ್ಲ ಇರುವ ಪ್ಲಾಸ್ಟಿಕ್ ಕವರನ್ನೇ ತರಿಸುತ್ತೇನೆ. ನಿಜವಾದ ಉತ್ತರ ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ.

ಒಂದೇ ಮಳೆಗಾಲದಲ್ಲಿ ನೋಡಿದ ಇಬ್ಬರ ಕಥೆ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಸ್ವಲ್ಪ ಬದಲಿಸಿದ್ದೇನೆ.

ಮೊದಲನೆಯವನು ಮೂವತ್ತು ದಾಟಿದ ಗಟ್ಟಿಮುಟ್ಟು ಹುಡುಗ. ಅಡಿಕೆ ಮರ ಹತ್ತಿ ಬೋರ್ಡೋ ಹೊಡೆಯುವ ಕೆಲಸ. ದವಡೆ ಊದಿ ಹಲ್ಲು ಕೀಳಿಸಿಕೊಂಡಿದ್ದ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ 625 ಮಾತ್ರೆ ದಿನಕ್ಕೆ ಎರಡು ನುಂಗುತ್ತಿದ್ದ. ಎರಡನೇ ದಿನದಿಂದಲೇ ಹೊಟ್ಟೆ ಸಡಿಲ. "ಡಾಕ್ಟ್ರೇ, ನಾಳೆ ಔಷಧಿ ಹೊಡೀಲಿಕ್ಕೆ ಹೋಗ್ಬೇಕು. ನಿಲ್ಲೋ ಹಂಗೆ ಒಂದು ಮಾತ್ರೆ ಕೊಡಿ" ಅಂದ.

ಎಷ್ಟು ಸಲ ಅಂತ ಕೇಳಿದೆ. ದಿನಕ್ಕೆ ಮೂರು-ನಾಲ್ಕು, ಹೆಚ್ಚಾಗಿ ಊಟ ಆದ ಮೇಲೆ. ರಾತ್ರಿ ಎದ್ದು ಹೋಗ್ತೀಯಾ? ಇಲ್ಲ. ಜ್ವರ ಇಲ್ಲ, ರಕ್ತ ಇಲ್ಲ, ಹಸಿವು ಚೆನ್ನಾಗಿದೆ. ಹೊಟ್ಟೆ ಒತ್ತಿ ನೋಡಿದರೆ ಮೆತ್ತಗಿತ್ತು, ಎಲ್ಲೂ ನೋವಿಲ್ಲ.

ರಾತ್ರಿಯ ಪ್ರಶ್ನೆ ಸುಮ್ನೆ ಕೇಳುವುದಲ್ಲ. ನಾವು ತಿಂದದ್ದರಲ್ಲಿ ಜೀರ್ಣವಾಗದೆ ಉಳಿಯುವ ಪಿಷ್ಟ, ನಾರಿನಂಥದ್ದನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಒಡೆಯುತ್ತವೆ. ಆಂಟಿಬಯೋಟಿಕ್ ಅವನ್ನು ಕಡಿಮೆ ಮಾಡಿದರೆ ಆ ಪದಾರ್ಥ ಹಾಗೇ ಉಳಿದು ನೀರನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಈ ಬಗೆಯ ಭೇದಿ ಊಟದ ಹಿಂದೆ ಬರುತ್ತದೆ, ಹೊಟ್ಟೆ ಖಾಲಿ ಇದ್ದಾಗ ತಣ್ಣಗಾಗುತ್ತದೆ. ಅದರ ಮೇಲೆ ಕ್ಲಾವುಲನೇಟ್ ಕರುಳಿನ ಓಟವನ್ನೇ ಸ್ವಲ್ಪ ಜೋರು ಮಾಡುತ್ತದೆ. ಇಲ್ಲಿ ಕರುಳಿಗೆ ಸೋಂಕು ತಗುಲಿಲ್ಲ, ಅದರ ಕೆಲಸ ಮಾತ್ರ ಏರುಪೇರಾಗಿದೆ.

ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿದೆ. ಹಲ್ಲು ಕಿತ್ತಾಗಿದೆ, ಊತವೂ ಇಳಿದಿದೆ, ಇಷ್ಟಕ್ಕೇ ನಿಲ್ಲಿಸಬಹುದು ಅಂದರು. ನಿಲ್ಲಿಸಿದೆವು. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಪ್ಯಾಕೆಟ್ ಓಆರ್‌ಎಸ್ ಕಲಸಿಕೊಂಡು ಕುಡಿ, ಗಂಜಿ, ಮಜ್ಜಿಗೆ ಅನ್ನ ಉಣ್ಣು ಅಂದೆ. ಅವನ ಅಮ್ಮ ದಾಳಿಂಬೆ ಸಿಪ್ಪೆ ತಂಬುಳಿ ಮಾಡಬಹುದಾ ಅಂತ ಕೇಳಿದರು. ಧಾರಾಳವಾಗಿ ಮಾಡಿ ಅಂದೆ. ಎರಡು ದಿನಕ್ಕೆ ಸರಿಹೋಯಿತು. ಮಲ ಪರೀಕ್ಷೆ ಇಲ್ಲ, ಬೇರೆ ಮಾತ್ರೆಯೂ ಇಲ್ಲ. ಆಂಟಿಬಯೋಟಿಕ್‌ನಿಂದ ಬರುವ ಭೇದಿ ಬಹುಪಾಲು ಈ ಜಾತಿಯದ್ದೇ.

ಆದರೆ ಭೇದಿ ಬಂತು ಅಂತ ಎಲ್ಲರೂ ತಾವೇ ಮಾತ್ರೆ ಬಿಟ್ಟುಬಿಡಬಾರದು. ಇಲಿ ಜ್ವರಕ್ಕೆ ಡಾಕ್ಸಿಸೈಕ್ಲಿನ್ ಕೊಟ್ಟಿದ್ದರೆ ಅದನ್ನು ಅರ್ಧಕ್ಕೆ ಬಿಡುವುದೇ ಅಪಾಯ. ಬರೆದುಕೊಟ್ಟ ಡಾಕ್ಟರನ್ನು ಕೇಳಿ. ನಿಲ್ಲಿಸಬಹುದಾ, ಬದಲಿಸಬಹುದಾ, ಮುಂದುವರಿಸಬೇಕಾ ಅಂತ ಅವರು ಹೇಳುತ್ತಾರೆ.

ಎರಡನೆಯವರು ಅರವತ್ತೆಂಟು ವರ್ಷದ ಅಜ್ಜಿ. ತೋಟದ ಮನೆ, ಸೊಸೆ ಕರೆದುಕೊಂಡು ಬಂದಿದ್ದಳು. "ಅತ್ತೆಗೆ ಮೂರು ದಿನದಿಂದ ವಿಪರೀತ ಭೇದಿ ಇತ್ತು ಡಾಕ್ಟ್ರೇ. ಅಂಗಡಿಯಿಂದ ಮಾತ್ರೆ ತಂದು ಕೊಟ್ವಿ. ಇವತ್ತು ಕಮ್ಮಿಯಾಗಿದೆ. ಆದ್ರೆ ಸುಸ್ತು ಜಾಸ್ತಿ" ಅಂದಳು. ಮೊದಲೆರಡು ದಿನ ಹತ್ತಕ್ಕೂ ಹೆಚ್ಚು ಸಲ, ರಾತ್ರಿಯಿಡೀ, ಬರೀ ನೀರು. ಊಟ ಬಿಟ್ಟರೂ ನಿಂತಿರಲಿಲ್ಲ. ಮನೆಯಲ್ಲಿ ಉಳಿದವರೆಲ್ಲ ಅದೇ ಬಾವಿ ನೀರು ಕುಡಿದು ಆರಾಮಾಗಿದ್ದರು.

ಆಂಟಿಬಯೋಟಿಕ್ ಏನೂ ಇಲ್ಲ ಅಂತಲೇ ಸೊಸೆ ಹೇಳಿದ್ದು. ಕವರ್ ತೆಗೆದು ನೋಡಿದರೆ, ಸುಮಾರು ಮೂರು ವಾರದ ಹಿಂದೆ ಕಾಲು ಕೆಂಪಾಗಿ ಊದಿಕೊಂಡು ಒಂದು ಆಸ್ಪತ್ರೆಯಲ್ಲಿ ಮಲಗಿದ್ದ ಡಿಸ್ಚಾರ್ಜ್ ಚೀಟಿ. ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್, ಆಮೇಲೆ ಮನೆಗೆ ಕ್ಲಿಂಡಾಮೈಸಿನ್ ಕ್ಯಾಪ್ಸೂಲ್. ಜೊತೆಗೆ ವರ್ಷಗಳಿಂದ ಬೆಳಗ್ಗೆ ಬೆಳಗ್ಗೆ ನುಂಗುವ, ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್. ವಯಸ್ಸು ಅರವತ್ತೈದು ದಾಟಿದೆ, ಆಸ್ಪತ್ರೆಯಲ್ಲಿ ಮಲಗಿ ಬಂದಿದ್ದಾರೆ, ಕೊಟ್ಟ ಔಷಧಿಗಳೂ ಇಂಥ ಭೇದಿಗೆ ಹೆಸರಾದವೇ. ಚೀಟಿ ಓದುವಾಗಲೇ ನನ್ನ ತಲೆಯಲ್ಲಿ ಸಿ. ಡಿಫ್ ಅನ್ನುವ ಬ್ಯಾಕ್ಟೀರಿಯಾ ಬಂದಾಗಿತ್ತು.

ಪೂರ್ತಿ ಹೆಸರು ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೀಲ್. ಆಂಟಿಬಯೋಟಿಕ್ ನಂತರದ ಕರುಳಿನ ಉರಿಯೂತಕ್ಕೂ ಇದಕ್ಕೂ ಇರುವ ಸಂಬಂಧ ಗಟ್ಟಿಯಾಗಿದ್ದು 1978ರ ಹೊತ್ತಿಗೆ. ಗದ್ದೆಯಲ್ಲಿ ಪೈರು ಒತ್ತಾಗಿದ್ದರೆ ಕಳೆ ಏಳುವುದಿಲ್ಲ. ಕರುಳಲ್ಲೂ ಒಳ್ಳೆಯ ಬ್ಯಾಕ್ಟೀರಿಯಾ ತುಂಬಿರುವವರೆಗೆ ಇದಕ್ಕೆ ಜಾಗ ಸಿಗುವುದಿಲ್ಲ. ಜಾಗ ಖಾಲಿಯಾದಾಗ ಬೆಳೆದು ವಿಷ ಬಿಡುತ್ತದೆ, ಆ ವಿಷ ದೊಡ್ಡ ಕರುಳಿನ ಒಳಪದರವನ್ನೇ ಸುಡುತ್ತದೆ. ರಕ್ತ ಕಾಣಲೇಬೇಕು ಅಂತಿಲ್ಲ. ಬಹಳ ಸಲ ಕಣ್ಣಿಗೆ ಕಾಣುವಷ್ಟು ರಕ್ತ ಇರುವುದೇ ಇಲ್ಲ. "ರಕ್ತ ಇಲ್ವಲ್ಲ" ಅಂತ ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ.

ಸೊಸೆ ಹೇಳಿದ "ಇವತ್ತು ಕಮ್ಮಿಯಾಗಿದೆ" ಅನ್ನುವ ಮಾತೇ ನನ್ನನ್ನು ಹೆಚ್ಚು ಕಾಡಿದ್ದು. ಹೊಟ್ಟೆ ನೋಡಿದೆ. ಉಬ್ಬಿತ್ತು. ಕೆಳಗೆ ಎಡಗಡೆ ಒತ್ತಿದರೆ ಅಜ್ಜಿ ನನ್ನ ಕೈ ಹಿಡಿದುಕೊಂಡರು. ಸ್ಟೆತ್ ಇಟ್ಟು ಕೇಳಿದರೆ ಕರುಳಿನ ಸದ್ದು ತೀರಾ ಕಮ್ಮಿ. ಜ್ವರ 101, ನಾಲಿಗೆ ಒಣಗಿತ್ತು, ನಾಡಿ ಓಡುತ್ತಿತ್ತು. ಭೇದಿ ಗುಣವಾಗಿ ನಿಂತರೆ ಹೊಟ್ಟೆ ಇಳಿಯಬೇಕು, ಹಸಿವಾಗಬೇಕು. ಭೇದಿ ನಿಂತು ಹೊಟ್ಟೆ ಉಬ್ಬಿದರೆ ಕರುಳು ಚಲಿಸುವುದನ್ನೇ ಬಿಡುತ್ತಿದೆ ಅಂತ ಅನುಮಾನಪಡಬೇಕು. ಇದು ಮುಂದುವರಿದರೆ ದೊಡ್ಡ ಕರುಳು ಬಲೂನಿನ ಹಾಗೆ ಹಿಗ್ಗಿ ಆಪರೇಷನ್‌ವರೆಗೂ ಹೋಗುತ್ತದೆ.

ಅಂಗಡಿಯಿಂದ ತಂದ ಮಾತ್ರೆ ಎರಡು ಬಗೆಯದ್ದಿತ್ತು. ಒಂದು ಲೋಪೆರಮೈಡ್, ಅಂದರೆ ಕರುಳಿನ ಓಟ ನಿಲ್ಲಿಸುವುದು. ಒಳಗೆ ವಿಷ ತುಂಬಿರುವಾಗ ಬಾಗಿಲು ಹಾಕುವುದು ಒಳ್ಳೆಯದಲ್ಲ. ಇನ್ನೊಂದು ಆಫ್ಲಾಕ್ಸಸಿನ್-ಆರ್ನಿಡಜೋಲ್. ನಮ್ಮ ಕಡೆ ಹೊಟ್ಟೆ ಕೆಟ್ಟರೆ ಚೀಟಿ ಇಲ್ಲದೆ ಕೈಗೆ ಬರುವ ಮಾತ್ರೆ ಇದೇ ಅಲ್ವಾ? ಅದೂ ಆಂಟಿಬಯೋಟಿಕ್. ಆಫ್ಲಾಕ್ಸಸಿನ್ ಇರುವ ಗುಂಪು ಸಿ. ಡಿಫ್‌ಗೆ ದಾರಿ ಮಾಡಿಕೊಡುವ ಪಟ್ಟಿಯಲ್ಲೇ ಇದೆ. ಎರಡನ್ನೂ ಅಲ್ಲೇ ನಿಲ್ಲಿಸಿದೆ.

ಡ್ರಿಪ್ ಹಾಕಿ, ರಕ್ತ ಕಳಿಸಿದೆ. ಬಿಳಿ ರಕ್ತಕಣ 19,000 ಇತ್ತು, ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ 1.7. ಬಿಳಿ ರಕ್ತಕಣ 15,000 ಮುಟ್ಟಿದರೆ ಅಥವಾ ಕ್ರಿಯಾಟಿನಿನ್ 1.5 ದಾಟಿದರೆ ಈ ಸೋಂಕನ್ನು ತೀವ್ರ ಅಂತ ಲೆಕ್ಕ ಹಿಡಿಯುತ್ತೇವೆ. ಅಜ್ಜಿಗೆ ಎರಡೂ ಮೀರಿತ್ತು. ಬಿಪಿ ಮಾತ್ರ ಇನ್ನೂ ಕುಸಿದಿರಲಿಲ್ಲ. ಮಂಡಗದ್ದೆ ದಾರಿಯಲ್ಲಿ ಶಿವಮೊಗ್ಗಕ್ಕೆ ಅವತ್ತೇ ಕಳಿಸಿದೆ. ಎಕ್ಸ್‌ರೇ, ಸರ್ಜನ್, ಐಸಿಯು ಒಂದೇ ಕಡೆ ಸಿಗುವ ಜಾಗದಲ್ಲಿ ಇಂಥವರು ಇರಬೇಕು. ಚೀಟಿಯ ಮೇಲೆ ದೊಡ್ಡದಾಗಿ "ಸಿ. ಡಿಫ್ ಅನುಮಾನ, ಸೆಫ್ಟ್ರಿಯಾಕ್ಸೋನ್ ಮತ್ತು ಕ್ಲಿಂಡಾಮೈಸಿನ್ ನಂತರ" ಅಂತ ಬರೆದೆ. ಹಾಗೆ ಬರೆಯದಿದ್ದರೆ ಮಾಮೂಲಿ ಮಲ ಪರೀಕ್ಷೆ ಮಾತ್ರ ಆಗುವ ಸಾಧ್ಯತೆ ಇರುತ್ತದೆ. ಮಾಮೂಲಿ ಪರೀಕ್ಷೆಯಲ್ಲಿ ಇದು ಗೊತ್ತಾಗುವುದಿಲ್ಲ. ಈ ಬ್ಯಾಕ್ಟೀರಿಯಾ ಇದೆಯಾ ಅಂತ ನೋಡುವ ಜಿಡಿಎಚ್ ಮತ್ತು ಅದರ ವಿಷ ಇದೆಯಾ ಅಂತ ನೋಡುವ ಟಾಕ್ಸಿನ್ ಪರೀಕ್ಷೆ ಬೇಕು ಅಂತ ಹೆಸರು ಹಿಡಿದು ಕೇಳಬೇಕು. ಎರಡೂ ಪಾಸಿಟಿವ್ ಬಂತು.

ಚಿಕಿತ್ಸೆಯಲ್ಲಿ ಜನಕ್ಕೆ ವಿಚಿತ್ರ ಅನಿಸುವ ಒಂದು ಸಂಗತಿ ಇದೆ. ವ್ಯಾಂಕೋಮೈಸಿನ್ ಅನ್ನುವ ಆಂಟಿಬಯೋಟಿಕ್ ಅಂದರೆ ಎಲ್ಲರಿಗೂ ಗೊತ್ತಿರುವುದು ನರಕ್ಕೆ ಹಾಕುವ ಇಂಜೆಕ್ಷನ್. ಈ ಕಾಯಿಲೆಗೆ ಅದನ್ನು ನರಕ್ಕೆ ಹಾಕಿದರೆ ಉಪಯೋಗವಿಲ್ಲ, ಕರುಳಿನ ಒಳಗೆ ಅದು ತಲುಪುವುದೇ ಇಲ್ಲ. ಬಾಯಲ್ಲಿ ಕೊಟ್ಟರೆ ರಕ್ತಕ್ಕೆ ಹೆಚ್ಚುಕಮ್ಮಿ ಸೇರದೆ ನೇರವಾಗಿ ಕರುಳಲ್ಲೇ ಉಳಿಯುತ್ತದೆ. ನಮಗೆ ಬೇಕಾಗಿರುವುದೂ ಅದೇ. 125 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ಹತ್ತು ದಿನ. ಕ್ಯಾಪ್ಸೂಲ್ ಸಿಗದಿದ್ದರೆ 500 ಮಿಲಿಗ್ರಾಂ ಇಂಜೆಕ್ಷನ್ ಬಾಟಲಿಯ ಪುಡಿಯನ್ನು 10 ಎಂಎಲ್ ಶುದ್ಧ ನೀರಲ್ಲಿ ಕರಗಿಸಿ, ಒಂದು ಸಲಕ್ಕೆ 2.5 ಎಂಎಲ್ ಕುಡಿಸುತ್ತಾರೆ. ಅಜ್ಜಿಗೂ ಹಾಗೇ ಮಾಡಿದ್ದು. ರುಚಿ ಕೆಟ್ಟದು, ಸ್ವಲ್ಪ ಹಣ್ಣಿನ ರಸ ಬೆರೆಸಿದರು. ಇದು ಆಸ್ಪತ್ರೆಯಲ್ಲಿ ನರ್ಸ್ ಮಾಡಿಕೊಡುವ ಕೆಲಸ, ಮನೆಯಲ್ಲಿ ಪ್ರಯೋಗ ಮಾಡುವುದಲ್ಲ. ನಾಲ್ಕನೇ ದಿನಕ್ಕೆ ಜ್ವರ ಬಿಟ್ಟು ಹೊಟ್ಟೆ ಇಳಿಯಿತು. ಪ್ಯಾಂಟೊಪ್ರಜೋಲ್ ನಿಜವಾಗಿ ಬೇಕಾ ಅಂತ ಆಗಲೇ ನೋಡಿದರು. ಬೇಡವಾಗಿತ್ತು, ಬಿಡಿಸಿದರು.

ವಾಪಸ್ ಬಂದ ಮೇಲೆ ಮನೆಯವರಿಗೆ ನಾನು ಒತ್ತಿ ಹೇಳಿದ್ದು ಕೈ ತೊಳೆಯುವ ವಿಷಯ. ಸ್ಯಾನಿಟೈಸರ್ ಈ ಬ್ಯಾಕ್ಟೀರಿಯಾದ ಬೀಜಕಣವನ್ನು ಕೊಲ್ಲುವುದಿಲ್ಲ. ಸೋಪು ಹಾಕಿ ಹರಿಯುವ ನೀರಲ್ಲಿ ಉಜ್ಜಿ ಅದನ್ನು ಕೈಯಿಂದ ತೊಳೆದುಹಾಕಬೇಕು. ಪಾಯಿಖಾನೆಗೆ ಫಿನಾಯಿಲ್ ಸಾಲದು, ಬ್ಲೀಚಿಂಗ್ ಬೇಕು.

"ಗುಣ ಆಗಿದೆಯೋ ಇಲ್ವೋ ಅಂತ ಇನ್ನೊಂದ್ಸಲ ಮಲ ಟೆಸ್ಟ್ ಮಾಡ್ಸೋಣ್ವಾ?" ಅಂತ ಸೊಸೆ ಕೇಳಿದಳು. ಬೇಡ ಅಂದೆ. ಭೇದಿ ನಿಂತು ಆರಾಮಾದ ಮೇಲೂ ಕೆಲವು ವಾರ ಪರೀಕ್ಷೆ ಪಾಸಿಟಿವ್ ಬರಬಹುದು, ಅದಕ್ಕೆ ಮತ್ತೆ ಔಷಧಿ ಕೊಡಬೇಕಿಲ್ಲ. ಆದರೆ ಸುಮಾರು ಐವರಲ್ಲಿ ಒಬ್ಬರಿಗೆ ಕಾಯಿಲೆ ಮರುಕಳಿಸುತ್ತದೆ, ಹೆಚ್ಚಾಗಿ ಎರಡು ತಿಂಗಳ ಒಳಗೆ. ಆದ್ದರಿಂದ ದಿನಕ್ಕೆ ಮೂರು ಸಲಕ್ಕಿಂತ ಜಾಸ್ತಿ ನೀರಾಗಿ ಹೋದರೆ ಅಂಗಡಿ ಕಡೆ ತಿರುಗದೆ ನೇರ ನನ್ನ ಹತ್ತಿರ ಬನ್ನಿ ಅಂದೆ. ಮುಂದೆ ಯಾವ ಡಾಕ್ಟರ ಹತ್ತಿರ ಯಾವ ಕಾಯಿಲೆಗೆ ಹೋದರೂ ಮೊದಲೇ ತೋರಿಸಲಿ ಅಂತ ಡಿಸ್ಚಾರ್ಜ್ ಚೀಟಿಯ ಮೇಲ್ಭಾಗದಲ್ಲಿ ಕೆಂಪು ಶಾಯಿಯಲ್ಲಿ ಸಿ. ಡಿಫ್ ಆಗಿತ್ತು ಅಂತ ಬರೆದು ತಿಂಗಳು, ವರ್ಷ ಹಾಕಿಕೊಟ್ಟೆ.