ವಿಯೆಟ್ನಾಂಗೆ ಹೊರಟವರು ಈ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಳ್ಳಿ

ಅಲ್ಲಿನ ಹಣ ಡಾಂಗ್. ಸೊನ್ನೆಗಳನ್ನು ಎಣಿಸುವುದರಲ್ಲೇ ತಲೆ ತಿರುಗುತ್ತದೆ. ಹೋಗುವ ಮೊದಲು ನಾನು ಒಂದು ಚಿಕ್ಕ ಚೀಟಿ ಬರೆದುಕೊಂಡಿದ್ದೆ. ಮೊದಲ ಸಾಲಿನಲ್ಲೇ ದಿನಾಂಕವಿತ್ತು:

ದರ: 20 ಜೂನ್ 2025, 1 ರೂಪಾಯಿಗೆ ಸುಮಾರು 300 ಡಾಂಗ್

| ಡಾಂಗ್ | ರೂಪಾಯಿ |
|---|---|
| 10,000 | 35 |
| 20,000 | 70 |
| 50,000 | 170 |
| 1,00,000 | 335 |
| 2,00,000 | 670 |
| 5,00,000 | 1,670 |

ನೋಟುಗಳ ಮುಖಬೆಲೆಯನ್ನೇ ಸಾಲಾಗಿ ಬರೆದಿದ್ದೇನೆ, ಏಕೆಂದರೆ ಕೈಯಲ್ಲಿರುವುದು ಅವೇ. 50,000ವನ್ನು 300ರಿಂದ ಭಾಗಿಸಿದರೆ 166.67 ಬರುತ್ತದೆ, 170 ಎಂದುಕೊಂಡೆ. ಮೇಲಕ್ಕೆ ದುಂಡಾಗಿಸಿದರೆ ಖರ್ಚು ಅಂದಾಜಿಗಿಂತ ಕಡಿಮೆಯೇ ಆಗುತ್ತದೆ. ಅಂಗಡಿಗಳಲ್ಲಿ 50K ಎಂದಿದ್ದರೆ ಐವತ್ತು ಸಾವಿರ ಎಂದರ್ಥ.

20,000 ಮತ್ತು 5,00,000 ನೋಟುಗಳೆರಡೂ ನೀಲಿ. ಮಬ್ಬು ಬೆಳಕಿನಲ್ಲಿ ಟ್ಯಾಕ್ಸಿಯವನಿಗೆ 70 ರೂಪಾಯಿಯ ಬದಲು 1,670 ಕೊಟ್ಟುಬಿಡಬಹುದು. ಪಟ್ಟಿಯಲ್ಲಿ ಆ ಎರಡಕ್ಕೂ ಕೆಂಪು ಗುರುತು ಹಾಕಿ. ದೊಡ್ಡ ನೋಟನ್ನು ಬೇರೆ ಜೇಬಿನಲ್ಲಿಡಿ.

ಹೊರಡುವ ಹಿಂದಿನ ದಿನ ದರವನ್ನು ಮತ್ತೆ ನೋಡಿ. ಅದು 285ಕ್ಕೆ ಇಳಿದಿದ್ದರೆ ಐದು ಲಕ್ಷ ಡಾಂಗ್‌ಗೆ ಸುಮಾರು 1,755 ರೂಪಾಯಿ. ಆಗ ದಿನಾಂಕ ಹಾಕಿ ಹೊಸ ಚೀಟಿ ಬರೆಯಿರಿ, ಹಳೆಯದನ್ನು ಹರಿದುಹಾಕಿ. ಹಣ ಬದಲಿಸುವವರೂ ಕಾರ್ಡಿನವರೂ ತಮ್ಮ ಪಾಲು ಮುರಿದುಕೊಳ್ಳುವುದರಿಂದ ನಿಮಗೆ ಸಿಗುವ ದರ ಇದಕ್ಕಿಂತ ತುಸು ಕಡಿಮೆಯೇ ಇರುತ್ತದೆ.