ಲೋಲಕ ಯಾಕೆ ನಿಂತಿತು? ಬೇಗ ಕಲಿಯುವ ಮಕ್ಕಳಿಗೆ ನಾನು ಕೊಟ್ಟ ಪ್ರಯೋಗ

ಲೋಲಕದ ಪಾಠದಲ್ಲಿ ದಾರದ ಉದ್ದ ಬದಲಿಸಿ ಅವಧಿ ಅಳೆಯುವುದನ್ನು ಕೆಲವು ಮಕ್ಕಳು ಅರ್ಧ ತಾಸಿನಲ್ಲೇ ಮುಗಿಸಿಬಿಡುತ್ತಾರೆ. ಅವರಿಗೆ ಅದೇ ಥರದ ಲೆಕ್ಕಗಳನ್ನು ಇನ್ನಷ್ಟು ಕೊಡುವುದು ನನಗೆ ಇಷ್ಟವಿಲ್ಲ. ಅದು ಬೇಗ ಮುಗಿಸಿದ್ದಕ್ಕೆ ಶಿಕ್ಷೆ ಕೊಟ್ಟ ಹಾಗೆ, ಅಲ್ವಾ? ಹಾಗಾಗಿ ಅದೇ ಮೇಜು, ಅದೇ ದಾರ ಇಟ್ಟುಕೊಂಡು ಬೇರೆ ಪ್ರಶ್ನೆ ಕೇಳಿದೆ: ತೂಗುತ್ತಿರುವ ಲೋಲಕ ಬೇಗ ನಿಲ್ಲುವುದೋ ತಡವಾಗಿ ನಿಲ್ಲುವುದೋ ಯಾವುದರಿಂದ ತೀರ್ಮಾನವಾಗುತ್ತದೆ?

ವಿಧಾನ ಹೇಳಲಿಲ್ಲ. ಒಂದು ಮೀಟರ್ ದಾರ, ಎರಡು ಟೇಬಲ್ ಟೆನಿಸ್ ಚೆಂಡು, ಮರಳು, ಅಳತೆಪಟ್ಟಿ ಮಾತ್ರ ಕೊಟ್ಟೆ. ಏನಾಗಬಹುದು ಎಂದು ಮೊದಲೇ ಬರೆದಿಡಬೇಕು ಎಂಬುದೊಂದೇ ಷರತ್ತು.

ಮೊದಲ ತೊಡಕು 'ನಿಲ್ಲುವುದು' ಅಂದರೆ ಏನು ಎಂಬುದು. ಕೊನೆಯ ಸಣ್ಣ ಅಲುಗಾಟ ಯಾವಾಗ ನಿಂತಿತು ಎಂದು ಇಬ್ಬರು ನೋಡಿದರೆ ಎರಡು ಉತ್ತರ. ಮಕ್ಕಳು ಸ್ವಲ್ಪ ಜಗಳವಾಡಿ ತಾವೇ ದಾರಿ ಕಂಡುಕೊಂಡರು: ನಡುವಿನಿಂದ 20 ಸೆಂ.ಮೀ. ಎಳೆದು ಬಿಡುವುದು, ತೂಗಾಟ 10 ಸೆಂ.ಮೀ.ಗೆ ಇಳಿಯುವವರೆಗೆ ಎಣಿಸುವುದು. ಈ ಜಗಳಕ್ಕೆ ಸಾಕಷ್ಟು ಸಮಯ ಬಿಡಿ. ಇಡೀ ಪಾಠದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದೇ.

ಗಾತ್ರ ಬದಲಾಗದೆ ತೂಕ ಮಾತ್ರ ಬದಲಾಗಲಿ ಎಂದು ಒಂದು ಚೆಂಡಿಗೆ ತೂತು ಮಾಡಿ ಮರಳು ತುಂಬಿದರು. ಖಾಲಿ ಚೆಂಡು 2.7 ಗ್ರಾಂ, ತುಂಬಿದ್ದು ಸುಮಾರು 50 ಗ್ರಾಂ. ಖಾಲಿ ಚೆಂಡಿನ ತೂಗಾಟ ಒಂದೆರಡು ಡಜನ್ ಸುತ್ತಿನೊಳಗೆ ಅರ್ಧವಾಯಿತು. ಮರಳಿನದು ನೂರು ದಾಟಿದರೂ ಇಳಿಯಲಿಲ್ಲ. ಅದಕ್ಕೆ 20ರಿಂದ 15 ಸೆಂ.ಮೀ.ವರೆಗೆ ಎಣಿಸಿದರೆ ಸಾಕು ಎಂದು ಅವರೇ ನಿಯಮ ಬದಲಿಸಿ, ಖಾಲಿ ಚೆಂಡನ್ನೂ ಹಾಗೇ ಮತ್ತೆ ಅಳೆದರು.

"ಸರ್, ತೂಕಕ್ಕೆ ಸಂಬಂಧ ಇಲ್ಲ ಅಂತ ಪುಸ್ತಕದಲ್ಲಿದೆಯಲ್ಲ?" ಎಂದು ಒಬ್ಬಳು ಕೇಳಿದಳು. "ಯಾವುದಕ್ಕೆ ಸಂಬಂಧ ಇಲ್ಲ ಅಂತಿದೆ, ಇನ್ನೊಮ್ಮೆ ಓದು" ಎಂದೆ. ಪುಸ್ತಕ ಹೇಳುವುದು ಅವಧಿಯ ಬಗ್ಗೆ. ಒಂದೇ ಗಾತ್ರ, ಒಂದೇ ವೇಗವಿದ್ದರೆ ಗಾಳಿಯ ತಡೆ ಎರಡಕ್ಕೂ ಒಂದೇ. ಆದರೆ ಭಾರದ ಚೆಂಡಿನಲ್ಲಿ ಶಕ್ತಿ ಜಾಸ್ತಿ, ಖಾಲಿಯಾಗಲು ಹೊತ್ತು ಬೇಕು.

ಎಣಿಕೆ ಪ್ರತಿ ಸಲ ತೀರಾ ಬೇರೆ ಬಂದರೆ ಮೊದಲು ದಾರ ಕಟ್ಟಿದ ಜಾಗ ನೋಡಿ. ಗಂಟು ಸಡಿಲವಿದ್ದರೆ ಅಲ್ಲೇ ಶಕ್ತಿ ಸೋರುತ್ತದೆ. ಎರಡು ಮರದ ಪಟ್ಟಿಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿಸಿದರೆ ಸರಿಹೋಗುತ್ತದೆ. ಚೆಂಡು ಮೊಟ್ಟೆಯಾಕಾರದಲ್ಲಿ ಸುತ್ತಿದರೆ ಬಿಡುವಾಗ ಕೈ ತಳ್ಳಿದೆ ಎಂದರ್ಥ. ಆ ಎಣಿಕೆ ಬಿಟ್ಟುಬಿಡಬೇಕು.

ಇಷ್ಟಾದ ಮೇಲೂ ಪ್ರಶ್ನೆ ಮುಗಿಯುವುದಿಲ್ಲ. ಖಾಲಿ ಚೆಂಡು 20ರಿಂದ 10ಕ್ಕೆ ಇಳಿಯುವುದಕ್ಕಿಂತ 10ರಿಂದ 5ಕ್ಕೆ ಇಳಿಯಲು ಹೆಚ್ಚು ಸುತ್ತು ತೆಗೆದುಕೊಳ್ಳುತ್ತದೆ. ವೇಗ ಕಡಿಮೆಯಾದಾಗ ಗಾಳಿಯ ತಡೆ ಅದಕ್ಕಿಂತ ಬೇಗ ಕಡಿಮೆಯಾಗುತ್ತದೆ ಎಂಬುದು ಕಾರಣ. ಇದನ್ನು ನಾನು ಹೇಳಲಿಲ್ಲ. ಎರಡೂ ಎಣಿಕೆಗಳನ್ನು ಪಕ್ಕಪಕ್ಕ ಬರೆಯಿರಿ ಎಂದಷ್ಟೇ ಹೇಳಿ ಉಳಿದ ಮಕ್ಕಳ ಕಡೆ ಹೋದೆ.