‘ಐ ಆಮ್ ಬೋರಿಂಗ್’ ಅಂದ ಹುಡುಗ

ಮಂಡ್ಯದಲ್ಲಿ ಸಂಜೆ ಹೊತ್ತು ಡಿಗ್ರಿ ಮಕ್ಕಳಿಗೆ ಇಂಗ್ಲಿಷ್ ಮಾತಾಡೋದು ಹೇಳಿಕೊಡುತ್ತೇನೆ. ಒಮ್ಮೆ ಸುಮ್ನೆ ಇಂಟರ್‌ವ್ಯೂ ಆಟ ಆಡಿಸಿದೆ. ‘ಊರಲ್ಲೇ ಯಾಕೆ ಇರಲಿಲ್ಲ?’ ಅಂತ ಕೇಳಿದರೆ ಒಬ್ಬ ಹುಡುಗ, ‘ಇನ್ ವಿಲೇಜ್ ಐ ಆಮ್ ಬೋರಿಂಗ್ ಸರ್’ ಅಂದ. ಪಾಪ, ತಾನೇ ಎಲ್ಲರಿಗೂ ಬೋರ್ ಹೊಡೆಸುವವನು ಅಂತ ಒಪ್ಪಿಕೊಂಡಂತಾಯಿತು.

ನಾನು ಆಗ ಎಲ್ಲರೂ ಹೇಳುವ ಸೂತ್ರವನ್ನೇ ಹೇಳಿದೆ: ಪದದ ಕೊನೆಗೆ ಮನುಷ್ಯರಿಗಾದರೆ ‘ಇಡಿ’, ವಸ್ತುಗಳಿಗಾದರೆ ‘ಐಎನ್‌ಜಿ’ ಅಕ್ಷರಗಳು. ಹಿಂದಿನ ಬೆಂಚಿನ ಹುಡುಗಿ ತಕ್ಷಣ, ‘ಹಾಗಾದ್ರೆ ನಮ್ಮ ಒಬ್ಬ ಮೇಷ್ಟ್ರು ಬೋರ್ಡ್, ಅಲ್ವಾ ಸರ್?’ ಅಂದಳು. ಎಲ್ಲರೂ ನಕ್ಕರು. ಸೂತ್ರ ಅಲ್ಲೇ ಬಿದ್ದುಹೋಯಿತು. ಮೇಷ್ಟ್ರು ಮನುಷ್ಯರೇ, ಆದರೂ ಅವರ ಪಾಠದಿಂದ ನಮಗೆ ಬೇಜಾರಾದರೆ ಅವರು ಬೋರಿಂಗ್.

ತಪ್ಪು ಎಲ್ಲಿಂದ ಬಂತು ಅಂತ ಯೋಚಿಸಿದಾಗ ಕಂಡಿದ್ದು ನಮ್ಮ ಕನ್ನಡವೇ. ‘ನನಗೆ ಬೋರ್ ಆಗ್ತಿದೆ’ ಅನ್ನುತ್ತೇವೆ. ‘ತಿನ್ನುತ್ತಿದ್ದೇನೆ’ ಅಂದರೆ ‘ಐ ಆಮ್ ಈಟಿಂಗ್’ ಅಂತ ಶಾಲೆಯಲ್ಲೇ ಕಲಿತಿರುತ್ತಾರೆ. ಹಾಗಾಗಿ ‘ಆಗ್ತಿದೆ’ ಕಿವಿಗೆ ಬಿದ್ದ ಕೂಡಲೇ ಬಾಯಲ್ಲಿ ಐಎನ್‌ಜಿ ಬರುತ್ತದೆ. ಇಡಿ ಅಂದರೆ ಅವರಿಗೆ ನಿನ್ನೆಯದು, ಮುಗಿದದ್ದು. ಬೇಜಾರು ಈಗ ಆಗ್ತಿರುವಾಗ ಇಡಿ ಯಾಕೆ ಹಾಕಬೇಕು?

ಮಾರನೇ ದಿನ ಇಂಗ್ಲಿಷ್ ಬಿಟ್ಟು ಕನ್ನಡದಿಂದಲೇ ಶುರು ಮಾಡಿದೆ. ಕರಿಹಲಗೆ ಮೇಲೆ ‘ದಣಿದ ಎತ್ತು’ ಅಂತ ಬರೆದೆ. ಪಕ್ಕದಲ್ಲಿ ‘ದಣಿಸುವ ಕೆಲಸ’. ಎತ್ತು ದಣಿದದ್ದು ನಿನ್ನೆಯಾ ಅಂತ ಕೇಳಿದೆ. ‘ಇಲ್ಲ ಸರ್, ಈಗಲೂ ಸುಸ್ತಾಗಿದೆ’ ಅಂದರು. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ‘ದಣಿದ’ ಅನ್ನೋದೂ ಆಗಿಹೋದದ್ದರ ರೂಪವೇ, ಆದರೆ ಹೇಳುವುದು ಈಗಿನ ಸ್ಥಿತಿಯನ್ನು. ಟೈರ್ಡ್ ಕೂಡ ಹಾಗೇ. ಇನ್ನು ‘ಇಸು’ ಬಂದರೆ ಬೇರೆಯವರಿಗೆ ಮಾಡಿಸುವುದು: ದಣಿಸುವ, ಹೆದರಿಸುವ, ಬೋರ್ ಹೊಡೆಸುವ. ಅದಕ್ಕೆ ಐಎನ್‌ಜಿ. ಕಬ್ಬು ಕಡಿಯೋದು ಟೈರಿಂಗ್, ಕಡಿದವನು ಟೈರ್ಡ್.

ಆ ಹುಡುಗನನ್ನೇ ಎಬ್ಬಿಸಿದೆ. ‘ನನಗೆ ಬೋರ್ ಆಗ್ತಿದೆ’ ಅನ್ನುವಲ್ಲಿ ‘ಇಸು’ ಇದೆಯಾ? ಇಲ್ಲ. ಬೇಜಾರು ಯಾರಿಗೆ? ನನಗೆ. ಹಾಗಾದ್ರೆ ‘ಐ ಆಮ್ ಬೋರ್ಡ್’. ಬೇಜಾರು ಮಾಡಿಸಿದ್ದು ಯಾವುದು? ಊರು. ‘ದ ವಿಲೇಜ್ ಈಸ್ ಬೋರಿಂಗ್’. ‘ಐ ಆಮ್ ಇಂಟರೆಸ್ಟಿಂಗ್ ಇನ್ ಕಂಪ್ಯೂಟರ್’ ಅನ್ನುತ್ತಿದ್ದವಳೂ ಅದೇ ದಾರಿಯಲ್ಲಿ ತಿದ್ದಿಕೊಂಡಳು.

ಆದರೆ ಇದು ಎಲ್ಲ ಕಡೆ ನಡೆಯಲ್ಲ. ಸ್ಕೇರ್ಡ್‌ಗೆ ಜೋಡಿಯಾಗಿ ಜನ ಜಾಸ್ತಿ ಬಳಸೋದು ಸ್ಕೇರಿ. ಡಿಲೈಟೆಡ್‌ಗೆ ಡಿಲೈಟ್‌ಫುಲ್. ಇವನ್ನು ಬಾಯಿಪಾಠ ಮಾಡಿಸಿದೆ. ಕಿವಿಯ ತೊಂದರೆಯೂ ಇದೆ. ಬೇಗ ಮಾತಾಡುವಾಗ ‘ಬೋರ್ಡ್’ನ ಕೊನೆಯ ಡ ಕೇಳಿಸೋದೇ ಕಡಿಮೆ. ಅದಕ್ಕೆ ಈಗ ಮೊದಲ ವಾರ ಇಂಟರೆಸ್ಟೆಡ್, ಎಕ್ಸೈಟೆಡ್ ಮಾತ್ರ ಹೇಳಿಸುತ್ತೇನೆ. ಅಲ್ಲಿ ಇಡಿ ಚೆನ್ನಾಗಿ ಕೇಳುತ್ತೆ. ಬೋರ್ಡ್ ಎರಡನೇ ವಾರಕ್ಕೆ.